‘ಅದು ಬ್ಯಾಂಕಿನ ವಿಷಯ ಸರ್’ ಅನ್ನೋ ಮಾತನ್ನು ನಮ್ಮ ಡೆಸ್ಕಿನಿಂದ ತೆಗೆಸಿದ್ದು

ಹೋಟೆಲಿನ ಫ್ರಂಟ್ ಆಫೀಸಿನಲ್ಲಿ ಹೊಸಬರಿಗೆ ಫೋನ್ ತರಬೇತಿ ಕೊಡುವುದು ನನ್ನ ಕೆಲಸದ ಒಂದು ಭಾಗ. ಮೊದಲೆಲ್ಲ ಒಂದು ಹಾಳೆಯಲ್ಲಿ ಹತ್ತು ವಿನಯದ ವಾಕ್ಯಗಳನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದೆ. ಒಂದು ಕರೆಯ ರೆಕಾರ್ಡಿಂಗ್ ಕೇಳಿದ ಮೇಲೆ ಆ ಹಾಳೆಯನ್ನು ಹರಿದು ಹೊಸದಾಗಿ ಬರೆದೆ.

ಕರೆ ಮಾಡಿದವರು ಎರಡು ದಿನದ ಹಿಂದೆ ರೂಮ್ ಖಾಲಿ ಮಾಡಿದ ಅತಿಥಿ. ಅವರ ಡೆಬಿಟ್ ಕಾರ್ಡಿನಿಂದ ಎರಡು ಸಲ ದುಡ್ಡು ಹೋಗಿತ್ತು. ಅದು ಅವರ ಮೂರನೇ ಕರೆ. ಡೆಸ್ಕಿನಲ್ಲಿದ್ದ ಹುಡುಗಿ ಒಂದೇ ಒಂದು ಒರಟು ಮಾತು ಆಡಿರಲಿಲ್ಲ. ‘ನಿಮ್ಮ ಕಷ್ಟ ಅರ್ಥ ಆಗತ್ತೆ ಸರ್, ಆದ್ರೆ ಅದು ಪ್ರೀ-ಆಥರೈಸೇಷನ್. ದಯವಿಟ್ಟು ಸಮಾಧಾನ ಮಾಡ್ಕೊಳ್ಳಿ. ಅದು ಬ್ಯಾಂಕಿನ ವಿಷಯ ಸರ್.’ ಹಾಳೆಯಲ್ಲಿ ನಾನು ಬರೆದುಕೊಟ್ಟಿದ್ದ ಮಾತುಗಳೇ ಇವು. ಒಂದೊಂದು ವಾಕ್ಯಕ್ಕೂ ಆ ಕಡೆಯ ದನಿ ಏರುತ್ತಾ ಹೋಯಿತು. ಕೊನೆಗೆ ಅವರು ಫೋನ್ ಕುಕ್ಕಿದರು.

ಆಮೇಲೆ ಅವರ ಫೋಲಿಯೊ, ಅಂದರೆ ಹೋಟೆಲಿನಲ್ಲಿ ಅವರ ಹೆಸರಿನ ಬಿಲ್ ಲೆಕ್ಕ, ತೆಗೆದು ನೋಡಿದೆ. ಚೆಕ್-ಇನ್ ಆಗುವಾಗ ಕಾರ್ಡಿನ ಮೇಲೆ ಒಂದು ಮೊತ್ತವನ್ನು ತಡೆಹಿಡಿಯುತ್ತೇವಲ್ಲ, ಅದೇ ಪ್ರೀ-ಆಥರೈಸೇಷನ್. ಚೆಕ್-ಔಟ್ ಸಮಯದಲ್ಲಿ ಅದರ ಮೇಲೆಯೇ ಬಿಲ್ ಪೂರ್ತಿ ಮಾಡಬೇಕು. ನಮ್ಮವರು ಅವಸರದಲ್ಲಿ ಅದನ್ನು ಬಿಟ್ಟು ಕಾರ್ಡನ್ನು ಹೊಸದಾಗಿ ಉಜ್ಜಿದ್ದರು. ಹಾಗಾಗಿ ಬಿಲ್ಲಿನ ಹಣವೂ ಹೋಯಿತು, ತಡೆಹಿಡಿದ ಹಣವೂ ಹಾಗೇ ಉಳಿಯಿತು. ಅಂದರೆ ‘ಬ್ಯಾಂಕಿನ ವಿಷಯ’ ಶುರುವಾಗಿದ್ದು ನಮ್ಮ ಮೇಜಿನ ಮೇಲೆ. ತಡೆಹಿಡಿದದ್ದು ‘ಕಡಿತ ಅಲ್ಲ’ ಎಂದು ನಾವು ಹೇಳಬಹುದು. ಆದರೆ ಡೆಬಿಟ್ ಕಾರ್ಡ್ ಇರುವವರಿಗೆ ಆ ದುಡ್ಡು ಕೈಗೆ ಸಿಗುವುದಿಲ್ಲ, ಅಷ್ಟೇ ಅವರಿಗೆ ಗೊತ್ತಾಗುವುದು.

ಆ ಕರೆಯಲ್ಲಿ ಕೆಟ್ಟದ್ದು ಮಾತಿನ ಧಾಟಿಯಲ್ಲ, ಅದು ಬಂದ ಹೊತ್ತು. ಅತಿಥಿ ತನ್ನ ಮಾತು ಮುಗಿಸುವ ಮೊದಲೇ ವಿವರಣೆ ಕೊಟ್ಟರೆ, ಅದು ಎಷ್ಟೇ ನಿಜವಾಗಿದ್ದರೂ ‘ಆಗಲ್ಲ, ಹೋಗಿ’ ಎಂದೇ ಕೇಳಿಸುತ್ತದೆ. ಅದಕ್ಕೇ ಈಗಿನ ತರಬೇತಿಯಲ್ಲಿ ಮೊದಲ ನಿಯಮ: ಅತಿಥಿಯ ಬಾಯಿಂದ ‘ಹೌದು, ಅದೇ’ ಎಂಬ ಮಾತು ಬರುವವರೆಗೆ ಕಾರಣ ಹೇಳಬಾರದು.

ಅಲ್ಲಿಗೆ ಹೋಗುವ ದಾರಿ ಹೀಗೆ. ಫೋನ್ ಎತ್ತಿ ಹೆಸರು ಹೇಳಿ, ಸಿಟ್ಟು ಗೊತ್ತಾದ ಕೂಡಲೇ, ‘ಹೇಳಿ ಸರ್, ಪೂರ್ತಿ ಕೇಳಿಸ್ಕೊಳ್ತೀನಿ, ಬರ್ಕೊಳ್ತಾನೂ ಇದ್ದೀನಿ’ ಅನ್ನಬೇಕು. ನಿಜವಾಗಿಯೂ ಬರೆದುಕೊಳ್ಳಬೇಕು. ಎದುರಿಗಿದ್ದರೆ ತಲೆಯಾಡಿಸುವುದು ಕಾಣುತ್ತದೆ. ಫೋನಿನಲ್ಲಿ ಸುಮ್ಮನಿದ್ದರೆ ಲೈನ್ ಕಟ್ಟಾಯಿತೋ, ಇವರಿಗೆ ಬೇಡವಾಯಿತೋ ಎಂದು ಅವರಿಗೆ ಅನ್ನಿಸುತ್ತದೆ. ಆದ್ದರಿಂದ ಮಧ್ಯೆ ಮಧ್ಯೆ ‘ಹ್ಞಾಂ ಸರ್’, ‘ಸರಿ, ಆಮೇಲೆ?’ ಅನ್ನುತ್ತಿರಬೇಕು. ಅವರು ನಿಲ್ಲಿಸಿದ ಮೇಲೂ ಎರಡು ಸೆಕೆಂಡ್ ಬಿಡಿ ಎನ್ನುತ್ತೇನೆ. ಎಷ್ಟೋ ಸಲ ನಿಜವಾದ ನೋವು ಆ ಎರಡು ಸೆಕೆಂಡಿನ ನಂತರ ಹೊರಗೆ ಬರುತ್ತದೆ.

ಬಂದೂ ಬಂತು. ಆ ಅತಿಥಿಗೆ ನಾನೇ ವಾಪಸ್ ಕರೆ ಮಾಡಿದಾಗ ಅವರು ಕೂಗಾಡಿ ಸುಮ್ಮನಾದರು. ಸ್ವಲ್ಪ ತಡೆದು, ‘ನಾಳೆ ಮನೆ ಬಾಡಿಗೆ ಕಟ್ಬೇಕು ಕಣ್ರೀ’ ಅಂದರು. ಹಿಂದಿನ ಮೂರು ಕರೆಗಳಲ್ಲಿ ಆ ಮಾತು ಬರಲು ನಾವು ಜಾಗವೇ ಬಿಟ್ಟಿರಲಿಲ್ಲ.

ಆಮೇಲೆ ಅವರ ಮಾತನ್ನು ಅವರಿಗೇ ಒಪ್ಪಿಸಬೇಕು. ‘ಸರಿಯಾಗಿ ತಿಳ್ಕೊಂಡ್ನಾ ನೋಡಿ ಸರ್. ಎರಡು ಸಲ ಹಣ ಹೋಗಿದೆ, ನೀವು ಎರಡು ಸಲ ಕಾಲ್ ಮಾಡಿದ್ರೂ ಯಾರೂ ವಾಪಸ್ ಮಾಡಿಲ್ಲ, ನಾಳೆ ಬಾಡಿಗೆಗೆ ಆ ದುಡ್ಡು ಬೇಕು.’ ಅವರು ‘ಹೌದು, ಅದೇ’ ಅಂದರು. ದನಿ ಇಳಿದದ್ದು ಅಲ್ಲಿ. ‘ಅದಲ್ಲ ನಾನ್ ಹೇಳಿದ್ದು’ ಅಂದಿದ್ದರೆ ಮತ್ತೆ ಕೇಳಿಸಿಕೊಳ್ಳುವುದೇ ದಾರಿ. ‘ನಿಮ್ಮ ಕಷ್ಟ ಅರ್ಥ ಆಗತ್ತೆ’ ಎಂಬ ವಾಕ್ಯವನ್ನು ನಾನು ತೆಗೆಸಿಬಿಟ್ಟಿದ್ದೇನೆ. ಏನು ಅರ್ಥವಾಯಿತು ಎಂದು ಹೇಳಿದರೆ ಅದರ ಅಗತ್ಯ ಬೀಳುವುದಿಲ್ಲ. ‘ಸಮಾಧಾನ ಮಾಡ್ಕೊಳ್ಳಿ’ಯನ್ನಂತೂ ಹೇಳಲೇಬಾರದು. ಸಿಟ್ಟು ಬಂದದ್ದೇ ತಪ್ಪು ಎಂದು ಅವರ ಮೇಲೆ ಹೊರಿಸಿದ ಹಾಗಾಗುತ್ತದೆ.

ಕ್ಷಮೆ ಕೇಳುವಾಗ ನಮ್ಮದು ಎಷ್ಟೋ ಅಷ್ಟನ್ನು ಹೆಸರಿಟ್ಟು ಕೇಳಬೇಕು. ‘ಚೆಕ್-ಔಟ್‌ನಲ್ಲಿ ಕಾರ್ಡನ್ನ ಹೊಸದಾಗಿ ಉಜ್ಜಿದ್ದು ನಮ್ಮ ತಪ್ಪು ಸರ್, ವಾಪಸ್ ಕಾಲ್ ಮಾಡ್ದೇ ಇದ್ದಿದ್ದೂ ನಮ್ಮ ತಪ್ಪು. ಕ್ಷಮಿಸಿ.’ ಅದರ ಹಿಂದೆ ‘ಆದ್ರೆ’ ಬರಬಾರದು. ಕಾರಣ ಇನ್ನೂ ಗೊತ್ತಿಲ್ಲದಿದ್ದರೆ ತಪ್ಪು ಒಪ್ಪಿಕೊಳ್ಳುವ ಅವಸರವೂ ಬೇಡ. ‘ಮೂರು ಸಲ ಕಾಲ್ ಮಾಡೋ ಹಾಗಾಯ್ತು, ಕ್ಷಮಿಸಿ ಸರ್, ನೋಡಿ ಹೇಳ್ತೀನಿ’ ಅಷ್ಟು ಸಾಕು.

ನೋಡುವುದಕ್ಕೆ ಹೊತ್ತು ಬೇಕಾದಾಗ ಹೇಳದೆ ಹೋಲ್ಡ್‌ಗೆ ಹಾಕಬಾರದು. ‘ಬಿಲ್ ತೆಗೆಯೋಕೆ ಎರಡು ನಿಮಿಷ ಬೇಕು. ಲೈನಲ್ಲಿ ಇರ್ತೀರಾ, ನಾನೇ ಕಾಲ್ ಮಾಡ್ಲಾ?’ ಎಂದು ಕೇಳಿ, ಉತ್ತರ ಬಂದ ಮೇಲೆ ಮುಂದುವರಿಯಬೇಕು. ಬಿಲ್ ಹುಡುಕಲು ಕಾರ್ಡಿನ ಕೊನೆಯ ನಾಲ್ಕು ಅಂಕಿ, ಬುಕಿಂಗ್ ಹೆಸರು, ಬಂದ ದಿನಾಂಕ ಸಾಕು. ಸಿಟ್ಟಿನಲ್ಲಿ ಅತಿಥಿಗಳು ಪೂರ್ತಿ ನಂಬರ್ ಹೇಳಲು ಶುರು ಮಾಡುತ್ತಾರೆ. ‘ಅಷ್ಟು ಬೇಡ ಸರ್, ಕೊನೆಯ ನಾಲ್ಕು ಸಾಕು’ ಎಂದು ತಡೆಯಬೇಕು. ಸಿವಿವಿ, ಓಟಿಪಿ ಯಾವ ಕಾರಣಕ್ಕೂ ಕೇಳುವ ಹಾಗಿಲ್ಲ.

ಇಷ್ಟಾದ ಮೇಲೆ ವಿವರಣೆ. ಇಲ್ಲಿ ನಮ್ಮ ಕೈಲಿರುವುದನ್ನೂ ಇಲ್ಲದ್ದನ್ನೂ ಬೇರೆ ಬೇರೆಯಾಗಿ ಹೇಳಬೇಕು. ನಾನು ಹೇಳಿದ್ದು: ‘ತಡೆಹಿಡಿದ ಹಣವನ್ನ ನಮ್ಮ ಕಡೆಯಿಂದ ಈಗ್ಲೇ ಬಿಡ್ತೀವಿ. ಅದು ನಿಮ್ಮ ಅಕೌಂಟಲ್ಲಿ ಕಾಣೋಕೆ ಎಷ್ಟು ದಿನ ಅನ್ನೋದು ಬ್ಯಾಂಕ್ ಮೇಲಿದೆ, ನಾಳೇನೇ ಬರತ್ತೆ ಅಂತ ನಾನು ಸುಳ್ಳು ಹೇಳಲ್ಲ. ಅಪ್ರೂವಲ್ ಕೋಡ್ ಕೊಡ್ತೀನಿ, ಬರ್ಕೊಳ್ಳಿ. ಬ್ಯಾಂಕಿನವರಿಗೆ ಅದನ್ನ ಹೇಳಿದ್ರೆ ಹುಡುಕೋದು ಸುಲಭ. ಬಿಡುಗಡೆ ಮಾಡಿದ ಪತ್ರ ಅರ್ಧ ಗಂಟೇಲಿ ಮೇಲ್ ಮಾಡ್ತೀನಿ.’ ‘ಅದು ಬ್ಯಾಂಕಿನ ವಿಷಯ’ ಅನ್ನುವುದರಲ್ಲೂ ಇದೇ ಮಾಹಿತಿ ಇದೆ. ಆದರೆ ಇದನ್ನು ಕೇಳಿದವರ ಕೈಯಲ್ಲಿ ಒಂದು ಕೋಡ್ ಇರುತ್ತದೆ, ಬ್ಯಾಂಕಿಗೆ ತೋರಿಸಲು ಒಂದು ಕಾಗದ ಇರುತ್ತದೆ.

‘ಆದಷ್ಟು ಬೇಗ’ ಎಂಬ ಮಾತಿಗೂ ನಮ್ಮಲ್ಲಿ ಜಾಗವಿಲ್ಲ, ಗಂಟೆ ಹೇಳಬೇಕು. ‘ನಾಳೆ ಬೆಳಿಗ್ಗೆ 11ಕ್ಕೆ ಕಾಲ್ ಮಾಡ್ತೀನಿ, ಹೊಸದೇನೂ ಇಲ್ಲದಿದ್ರೂ ಮಾಡ್ತೀನಿ’ ಅಂದೆ. ಮರುದಿನ 11ಕ್ಕೆ ಮಾಡಿದಾಗ ಹಣ ಬಂದಿರಲಿಲ್ಲ. ನನ್ನ ಹತ್ತಿರ ಹೇಳಲು ಹೊಸದೂ ಇರಲಿಲ್ಲ. ಅವರು ಬೇಸರದಲ್ಲೇ ಇದ್ದರು, ಆದರೆ ಕೂಗಲಿಲ್ಲ. ಪತ್ರವನ್ನು ಬ್ಯಾಂಕಿಗೆ ಕೊಟ್ಟಿದ್ದೇನೆ ಅಂದರು. ಬಾಡಿಗೆಗೆ ಬೇರೆ ಕಡೆ ಕೈಗಡ ಮಾಡಬೇಕಾಯಿತು ಎಂದೂ ಹೇಳಿದರು. ಅದಕ್ಕೆ ನನ್ನಲ್ಲಿ ಯಾವ ವಾಕ್ಯವೂ ಇರಲಿಲ್ಲ. ಕ್ಷಮೆ ಕೇಳಿ ಸುಮ್ಮನಾದೆ.

ಈ ಸ್ಕ್ರಿಪ್ಟ್ ನಿಲ್ಲುವ ಜಾಗವೂ ಒಂದಿದೆ. ಹೋಟೆಲನ್ನು ಬೈದರೆ ಕೇಳಿಸಿಕೊಳ್ಳುತ್ತೇವೆ. ಫೋನ್ ಎತ್ತಿದ ಹುಡುಗಿಯನ್ನೇ ಅಸಹ್ಯವಾಗಿ ಬೈದರೆ, ‘ಸರ್, ನಿಮ್ಮ ಕೆಲಸ ಮಾಡ್ಕೊಡ್ತೀನಿ, ಈ ಮಾತು ಮಾತ್ರ ಬೇಡ’ ಎಂದು ಒಂದು ಸಲ ಹೇಳಬೇಕು. ಮತ್ತೂ ಮುಂದುವರಿದರೆ, ‘ಈಗ ಫೋನ್ ಇಡ್ತಿದ್ದೀನಿ, ಡ್ಯೂಟಿ ಮ್ಯಾನೇಜರ್ ಹತ್ತು ನಿಮಿಷದಲ್ಲಿ ಕಾಲ್ ಮಾಡ್ತಾರೆ’ ಎಂದು ಹೇಳಿ ಇಡಬಹುದು. ಹಾಗೆ ಇಟ್ಟದ್ದಕ್ಕೆ ಯಾರನ್ನೂ ನಾನು ಪ್ರಶ್ನಿಸಿಲ್ಲ, ಪ್ರಶ್ನಿಸುವುದೂ ಇಲ್ಲ.

ಲಾಗ್‌ಬುಕ್ಕಿನಲ್ಲಿ ಈಗ ಒಂದು ಕಾಲಂ ಹೆಚ್ಚಾಗಿದೆ: ‘ಎಷ್ಟು ಗಂಟೆಗೆ ಕಾಲ್ ಮಾಡ್ತೀವಿ ಅಂದಿದ್ದು, ಯಾರು ಮಾಡಿದ್ದು’. ಶಿಫ್ಟ್ ಬದಲಾಗುವಾಗ ಅದನ್ನು ಗಟ್ಟಿಯಾಗಿ ಓದಿ ಒಪ್ಪಿಸುತ್ತೇವೆ, ಯಾಕೆಂದರೆ ಆ ಅತಿಥಿಯ ಮೊದಲ ಎರಡು ಕರೆಗಳು ಕಳೆದುಹೋದದ್ದು ಶಿಫ್ಟ್ ಬದಲಾಗುವ ಹೊತ್ತಿನಲ್ಲೇ.