ಮೋಟಾರ್ ತೋಳಿನ ಯೋಜನೆ: ಅಬ್ಸರ್ವರ್‌ನ ಪೋಲ್‌ಗಳನ್ನು -30ಕ್ಕೆ ನಿಲ್ಲಿಸಿದ್ದು ಏಕೆ

ಗೇರ್ ಇರುವ 12 ವೋಲ್ಟ್ ಡಿಸಿ ಮೋಟಾರಿನ ತೋಳಿಗೆ ಈಗ ಪೂರ್ಣ ಕ್ರಮದ ಅಬ್ಸರ್ವರ್, ಅಂದರೆ ಅಳೆದ ಕೋನದಿಂದ ಕೋನ ಮತ್ತು ವೇಗ ಎರಡನ್ನೂ ಅಂದಾಜಿಸುವ ಲೆಕ್ಕ, ಅಳವಡಿಸಿದ್ದೇನೆ. ಅಳತೆಗೆ ಸಿಗುವುದು ತೋಳಿನ ಕೋನ ಮಾತ್ರ. ಅದೂ 300 ಡಿಗ್ರಿ ತಿರುಗುವ ಪೊಟೆನ್ಶಿಯೋಮೀಟರ್ ಮತ್ತು 10 ಬಿಟ್ ಎಡಿಸಿ ಮೂಲಕ. ಹಾಗಾಗಿ ಒಂದು ಎಣಿಕೆ ಎಂದರೆ 0.0051 ರೇಡಿಯನ್. ಕಂಟ್ರೋಲರ್‌ಗೆ ವೇಗವೂ ಬೇಕು. ಕೋನದ ಎರಡು ಓದುಗಳ ವ್ಯತ್ಯಾಸವನ್ನು 5 ಮಿಲಿಸೆಕೆಂಡಿನಿಂದ ಭಾಗಿಸಿದರೆ ಒಂದೇ ಎಣಿಕೆಯ ಅಲುಗಾಟ 1 ರೇಡಿಯನ್/ಸೆಕೆಂಡಿನ ವೇಗವಾಗಿ ಕಾಣುತ್ತದೆ. ಈ ತೋಳಿನ ಗರಿಷ್ಠ ವೇಗವೇ 6. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಮೋಟಾರಿನ ಮಾದರಿ ಸರಳ: ಕೋನದ ಬದಲಾವಣೆಯ ದರವೇ ವೇಗ, ವೇಗದ ಬದಲಾವಣೆಯ ದರ `-10ω + 5u`. ಇಲ್ಲಿ ω ವೇಗ, u ಮೋಟಾರಿಗೆ ಕೊಡುವ ವೋಲ್ಟೇಜ್. ಪೋಲ್ ಎಂದರೆ ವ್ಯವಸ್ಥೆಯ ಲಕ್ಷಣ ಸಮೀಕರಣದ ಮೂಲ; ಅದು ಸೊನ್ನೆಯಿಂದ ಎಡಕ್ಕೆ ದೂರ ಹೋದಷ್ಟೂ ದೋಷ ಬೇಗ ಇಳಿಯುತ್ತದೆ. ಕಂಟ್ರೋಲರ್ ಪೋಲ್‌ಗಳನ್ನು -6±4j ಎಂದು ಆರಿಸಿದ್ದೇನೆ. ಅದರಿಂದ ಕೋನದ ಗೇನ್ 10.4, ವೇಗದ ಗೇನ್ 0.4 ಬರುತ್ತವೆ. 1 ರೇಡಿಯನ್ ದೂರದ ಗುರಿ ಕೊಟ್ಟಾಗಲೂ 10.4 ವೋಲ್ಟ್ ಸಾಕು. 12ರ ಮಿತಿ ದಾಟುವುದಿಲ್ಲ.

ಅಬ್ಸರ್ವರ್ ಇದೇ ಮಾದರಿಯನ್ನು ಮೈಕ್ರೋಕಂಟ್ರೋಲರ್‌ನಲ್ಲಿ ಓಡಿಸುತ್ತದೆ. ಅಳೆದ ಕೋನಕ್ಕೂ ಅಂದಾಜಿನ ಕೋನಕ್ಕೂ ಇರುವ ಅಂತರವನ್ನು l1, l2 ಎಂಬ ಎರಡು ಗೇನ್‌ಗಳ ಮೂಲಕ ತಿದ್ದುಪಡಿಯಾಗಿ ಸೇರಿಸುತ್ತದೆ. ಕೆಳಗೆ y ಅಳೆದ ಕೋನ, th ಅಂದಾಜಿನ ಕೋನ, w ಅಂದಾಜಿನ ವೇಗ, T 5 ಮಿಲಿಸೆಕೆಂಡಿನ ಸ್ಯಾಂಪಲ್ ಅವಧಿ.

```
e   = y - th
th += T*(w + l1*e)
w  += T*(-10*w + 5*u + l2*e)
```

ಅಂದಾಜಿನ ದೋಷದ ಲಕ್ಷಣ ಸಮೀಕರಣ `s² + (l1+10)s + 10*l1 + l2`. ಎರಡೂ ಪೋಲ್ -30 ಆಗಬೇಕಾದರೆ ಅದು `s² + 60s + 900` ಆಗಬೇಕು; ಆದ್ದರಿಂದ l1 = 50, l2 = 400. ಗೇನ್ ಕಂಡುಹಿಡಿಯುವುದು ಇಷ್ಟು ಸುಲಭ. -30 ಎಂಬ ಸಂಖ್ಯೆಗೆ ಬರುವುದರಲ್ಲೇ ನನ್ನ ಸಮಯವೆಲ್ಲ ಹೋಯಿತು.

ಅಬ್ಸರ್ವರ್ ನಿಧಾನವಾಗಿದ್ದರೆ ವ್ಯವಸ್ಥೆ ಅಸ್ಥಿರವಾಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಮಾದರಿ ಸರಿಯಿದ್ದರೆ ಹಾಗಾಗುವುದಿಲ್ಲ. ಕಂಟ್ರೋಲರ್ ಮತ್ತು ಅಬ್ಸರ್ವರ್ ಪೋಲ್‌ಗಳು ಒಂದನ್ನೊಂದು ಕದಲಿಸುವುದಿಲ್ಲ. ಒಟ್ಟು ವ್ಯವಸ್ಥೆಯಲ್ಲಿ ಎರಡೂ ಗುಂಪುಗಳು ಹಾಗೆಯೇ ಉಳಿಯುತ್ತವೆ. ಆರಂಭದಲ್ಲಿ ಅಂದಾಜು ನಿಖರವಾಗಿದ್ದರೆ ಹೊಸ ಗುರಿ ಕೊಟ್ಟಾಗ ದೋಷ ಹುಟ್ಟುವುದೇ ಇಲ್ಲ, ಏಕೆಂದರೆ ಮೋಟಾರಿಗೆ ಹೋಗುವ ವೋಲ್ಟೇಜೇ ಮಾದರಿಗೂ ಹೋಗುತ್ತದೆ. ವೇಗವಾದ ಪೋಲ್‌ಗಳು ಬೇಕಾಗುವುದು ಮಾದರಿಗೆ ಗೊತ್ತಿಲ್ಲದ ಸಂಗತಿಗಳಿಗಾಗಿ: ತಪ್ಪು ಆರಂಭಿಕ ಕೋನ, ಕೈ ತಗುಲಿದ ತೋಳು, ಗೇರಿನ ಒಣ ಘರ್ಷಣೆ.

ಘರ್ಷಣೆಯನ್ನೇ ನೋಡೋಣ. ಮಾದರಿಯಲ್ಲಿಲ್ಲದ d ಎಂಬ ವೇಗೋತ್ಕರ್ಷ ಒಂದೇ ಸಮನೆ ಎಳೆಯುತ್ತಿದ್ದರೆ ಕೋನದ ಅಂದಾಜಿನಲ್ಲಿ `d/p²`ರಷ್ಟು ದೋಷ ಉಳಿಯುತ್ತದೆ. ಇಲ್ಲಿ -p ಎಂಬುದು ಅಬ್ಸರ್ವರ್‌ನ ಜೋಡಿ ಪೋಲ್. ತೋಳು ಚಲಿಸುವಾಗ ಘರ್ಷಣೆ 1 ವೋಲ್ಟಿಗೆ ಸಮವೆಂದರೆ d = 5. ಪೋಲ್‌ಗಳು -5ರಲ್ಲಿದ್ದರೆ, ಅಂದರೆ ಕಂಟ್ರೋಲರ್‌ಗಿಂತ ನಿಧಾನವಾಗಿದ್ದರೆ, ದೋಷ 0.2 ರೇಡಿಯನ್, ಸುಮಾರು 11 ಡಿಗ್ರಿ. ತೋಳು ಈಗಾಗಲೇ ಮುಂದೆ ಹೋಗಿದೆ ಎಂದು ನಂಬಿದ ಕಂಟ್ರೋಲರ್ ಬೇಗನೆ ವೋಲ್ಟೇಜ್ ಇಳಿಸುತ್ತದೆ. ಪೋಲ್‌ಗಳನ್ನು -30ಕ್ಕೆ ಒಯ್ದರೆ ಅದೇ ದೋಷ 0.0056ಕ್ಕೆ ಇಳಿಯುತ್ತದೆ. ಅದು ಎಡಿಸಿಯ ಹೆಚ್ಚುಕಡಿಮೆ ಒಂದು ಎಣಿಕೆ! ಇದಕ್ಕಿಂತ ಸೂಕ್ಷ್ಮವಾಗಿ ಕೋನವನ್ನು ತಿದ್ದಲು ಸೆನ್ಸರ್‌ನಲ್ಲೇ ಮಾಹಿತಿ ಇಲ್ಲ.

ಆದರೂ -200ಕ್ಕೆ ಹಾಕಿ ನೋಡಿದೆ. ಆಗ l1 = 390, l2 = 36100. ಒಂದು ಎಣಿಕೆಯ ಅಲುಗಾಟ ಒಂದೇ ಸ್ಯಾಂಪಲ್‌ನಲ್ಲಿ ವೇಗದ ಅಂದಾಜನ್ನು `T*l2*0.0051`, ಅಂದರೆ 0.92 ರೇಡಿಯನ್/ಸೆಕೆಂಡಿನಷ್ಟು ಹಾರಿಸುತ್ತದೆ. -30ರಲ್ಲಿ ಅದೇ ಲೆಕ್ಕ ಬರೀ 0.01. -200ರಲ್ಲಿ ನಾನು ಕೈಬಿಟ್ಟಿದ್ದ ಕೋನ-ವ್ಯತ್ಯಾಸದ ಲೆಕ್ಕವೇ ಬೇರೆ ವೇಷದಲ್ಲಿ ಮರಳಿ ಬಂದಂತಾಯಿತು. ನಿಂತ ತೋಳಿನಲ್ಲೂ ಮೋಟಾರ್ ಗುಂಯ್‌ಗುಡುತ್ತಿತ್ತು. ನಿಮ್ಮ ಅಬ್ಸರ್ವರ್ ಅತಿ ವೇಗವಾಗಿದೆಯೇ ಎಂದು ತಿಳಿಯಲು ತೋಳು ನಿಂತಿರುವಾಗ ವೋಲ್ಟೇಜ್ ಆಜ್ಞೆಯ ಗ್ರಾಫ್ ನೋಡಿ. ಅಲ್ಲಿ ಹುಲ್ಲಿನಂತೆ ಗೆರೆಗಳೆದ್ದಿದ್ದರೆ ಉತ್ತರ ಸಿಕ್ಕಿತು.

ಇನ್ನೊಂದು ತೊಂದರೆ ಚಾಲನೆಯ ಕ್ಷಣದ್ದು. ತೋಳು 1 ರೇಡಿಯನ್‌ನಲ್ಲಿ ನಿಂತಿದ್ದು ಅಂದಾಜು ಸೊನ್ನೆಯಿಂದ ಹೊರಟರೆ, -200ರ ಅಬ್ಸರ್ವರ್ ಮೊದಲ ಹೆಜ್ಜೆಯಲ್ಲೇ ವೇಗ 180 ಎನ್ನುತ್ತದೆ. ವೇಗದ ಗೇನ್ ಅದನ್ನು 72 ವೋಲ್ಟಿನ ಬೇಡಿಕೆಯಾಗಿಸುತ್ತದೆ. -30ರಲ್ಲೂ ಅಂದಾಜು 5ರ ಆಚೀಚೆ ಏರುತ್ತದೆ. ಆದ್ದರಿಂದ ಪೋಲ್ ಯಾವುದೇ ಇರಲಿ, ಮೊದಲ ಓದನ್ನೇ ಕೋನದ ಆರಂಭಿಕ ಅಂದಾಜಾಗಿ ಕೊಡುತ್ತೇನೆ. ಮೇಲಿನ ಕೋಡ್‌ಗೆ ತನ್ನದೇ ಗಡಿಯೂ ಇದೆ: ಅದರಲ್ಲಿ ಪೋಲ್ `1 - pT` ಆಗುತ್ತದೆ. 5 ಮಿಲಿಸೆಕೆಂಡಿಗೆ p 400 ತಲುಪಿದರೆ ಅದು -1. ಅಂದಾಜಿನ ದೋಷ ಇಳಿಯುವುದೇ ಇಲ್ಲ.

ಕಂಟ್ರೋಲರ್‌ಗಿಂತ ಎರಡರಿಂದ ಆರು ಪಟ್ಟು ವೇಗ ಎಂಬ ರೂಢಿಯ ಲೆಕ್ಕಕ್ಕೆ ನನ್ನ ಐದು ಪಟ್ಟು ಹೊಂದುತ್ತದೆ. ಆದರೆ ಆ ಸಂಖ್ಯೆಯನ್ನು ನಿರ್ಧರಿಸಿದ್ದು ಸೆನ್ಸರಿನ ಒಂದು ಎಣಿಕೆ. 12 ಬಿಟ್ ಎಡಿಸಿ ಹಾಕಿ, ಓದಿನ ಅಲುಗಾಟವೂ ಅಷ್ಟೇ ಕಡಿಮೆಯಾದರೆ, ಇದೇ ತರ್ಕ -60ರವರೆಗೆ ಹೋಗಲು ಬಿಡುತ್ತದೆ. ಅದಕ್ಕೂ ಮುನ್ನ d ಅನ್ನೇ ಮೂರನೆಯ ಸ್ಥಿತಿಯಾಗಿ ಅಬ್ಸರ್ವರ್‌ಗೆ ಸೇರಿಸಲಿದ್ದೇನೆ; ಆಗ ಘರ್ಷಣೆಯ ಅಂದಾಜೂ ಸಿಕ್ಕಿ, ಅದನ್ನು ವೋಲ್ಟೇಜಿನಲ್ಲೇ ಸರಿದೂಗಿಸಬಹುದು.