ಶಿರಸಿ ದಿನಚರಿ: ಒಂದು ಬಟನ್ನಿನ ಬೆಲೆ

12 ನವೆಂಬರ್ 2024, ಮಂಗಳವಾರ

ಬೆಳಿಗ್ಗೆ ದೋಸೆ ತಟ್ಟೆಯಲ್ಲಿರುವಾಗಲೇ ಕುಮಟಾದಿಂದ ಫೋನ್. ಕಡಲ ದಂಡೆಯ ಹೋಮ್‌ಸ್ಟೇ ಮಾಲೀಕರು. ನಾನು ಮಾಡಿಕೊಡುತ್ತಿರುವ ಅವರ ವೆಬ್‌ಸೈಟ್ ಕೆಲಸ ಮುಗಿಯುತ್ತ ಬಂದಿದೆ, ಇದೇ 30ಕ್ಕೆ ತೆರೆಯಬೇಕು.

“ತಮ್ಮಾ, ವಿಚಾರಣೆಯ ಫಾರ್ಮ್ ಇದೆಯಲ್ಲ, ಅದರ ಪಕ್ಕಕ್ಕೊಂದು ಬುಕಿಂಗ್ ಬಟನ್ ಹಾಕಿಬಿಡು. ಜನ ಅಲ್ಲೇ ಮುಂಗಡ ಕಟ್ಟಲಿ.”

ನನ್ನ ಬಾಯಿಗೆ ಮೊದಲು ಬಂದದ್ದು ‘ನೋಡೋಣ ಅಣ್ಣ’. ನುಂಗಿಕೊಂಡೆ. ನಮ್ಮ ಕಡೆ ‘ನೋಡೋಣ’ ಎಂದರೆ ಹೇಳುವವನ ಮನಸ್ಸಿನಲ್ಲಿ ‘ಇಲ್ಲ’, ಕೇಳುವವನ ಕಿವಿಯಲ್ಲಿ ‘ಆಯಿತು’. ಈ ಒಂದು ಶಬ್ದದಿಂದ ಎರಡು ವರ್ಷದ ಹಿಂದೆ ಬೇರೊಬ್ಬರಿಗೆ ಮೂರು ವಾರ ಪುಕ್ಕಟೆ ದುಡಿದಿದ್ದೇನೆ. ಹಾಗಾಗಿ ಇವತ್ತು ನೇರವಾಗಿ ಹೇಳಿದೆ: “ಮಾಡಬಹುದು ಅಣ್ಣ. ಆದರೆ ಇದು ನಾವು ಒಪ್ಪಿಕೊಂಡ ಕೆಲಸದಲ್ಲಿಲ್ಲ. ಹಣವೂ ದಿನವೂ ಹೆಚ್ಚು ಬೇಕು. ಎಷ್ಟೆಂದು ಸಂಜೆಯೊಳಗೆ ಬರೆದು ಕಳಿಸುತ್ತೇನೆ. ಅಲ್ಲಿಯವರೆಗೆ ಹಳೆಯ ಕೆಲಸ ಹಳೆಯ ದಿನಾಂಕಕ್ಕೇ ನಡೆಯುತ್ತಿರುತ್ತದೆ.”

“ಒಂದು ಬಟನ್ನಿಗೆ ಅಷ್ಟೊಂದೇ?” ಎಂದರು. ನ್ಯಾಯವಾದ ಪ್ರಶ್ನೆಯೇ. ಕೋಡಿಂಗ್ ಮಾತು ಬಿಟ್ಟು ಅವರ ನಾಲ್ಕು ಕೋಣೆಗಳ ಮಾತಿನಲ್ಲೇ ಉತ್ತರಿಸಿದೆ. ಡಿಸೆಂಬರ್ 31ರ ರಾತ್ರಿಗೆ ಒಂದೇ ಕೋಣೆಯನ್ನು ಎರಡು ಕುಟುಂಬಗಳು ಒಂದೇ ಗಳಿಗೆಯಲ್ಲಿ ಒತ್ತಿದರೆ? ಮೊದಲು ಒತ್ತಿದವರು ಹಣ ಕಟ್ಟುವವರೆಗೆ ಹದಿನೈದು ನಿಮಿಷ ಕೋಣೆಯನ್ನು ಹಿಡಿದಿಡಬೇಕು, ಕಟ್ಟದಿದ್ದರೆ ತಾನಾಗಿ ಬಿಡಬೇಕು. ಇನ್ನೊಬ್ಬರು ದೇವಿಮನೆ ಘಟ್ಟ ಇಳಿಯುತ್ತ ಹಣ ಕಟ್ಟಿದರು, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಖಾತೆಯಿಂದ ಹಣ ಹೋಗಿದೆ, ನಮ್ಮ ಪುಟಕ್ಕೆ ಸುದ್ದಿಯೇ ಬಂದಿಲ್ಲ. ಆಗ ಹಣ ಪಾವತಿ ನಡೆಸಿಕೊಡುವ ಪೇಮೆಂಟ್ ಗೇಟ್‌ವೇಯ ಸರ್ವರ್ ನೇರವಾಗಿ ನಮ್ಮ ಸರ್ವರ್‌ಗೆ ತಿಳಿಸಬೇಕು, ಅದನ್ನು ನಂಬಿಯೇ ಕೋಣೆ ಖಚಿತವಾಗಬೇಕು. ಬರುವುದಿಲ್ಲ ಎಂದವರಿಗೆ ಹಣ ಮರಳಿಸುವ ದಾರಿ ಬೇರೆ. ಆ ಕಡೆ ಸ್ವಲ್ಪ ಹೊತ್ತು ಮೌನ.

ಮಧ್ಯಾಹ್ನ ಕುಳಿತು ಲೆಕ್ಕ ಹಾಕಿದೆ. ಕೋಣೆಗಳ ಕ್ಯಾಲೆಂಡರಿಗೆ 18 ಗಂಟೆ, ಹಣ ಪಾವತಿಗೆ 14, ರದ್ದತಿಗೆ 8, ಪರೀಕ್ಷೆಗೆ 10. ಒಟ್ಟು 50 ಗಂಟೆ. ಗಂಟೆಗೆ 600ರಂತೆ 30,000 ರೂಪಾಯಿ. ದಿನಕ್ಕೆ ಐದು ಗಂಟೆ ಕೊಡಬಲ್ಲೆನಾದ್ದರಿಂದ ಹತ್ತು ಕೆಲಸದ ದಿನ.

ಇದನ್ನು ಒಂದೇ ಪುಟದ ‘ಬದಲಾವಣೆ ಪತ್ರ’ವಾಗಿ ಬರೆದೆ: ಏನು ಸೇರುತ್ತದೆ, ಏನು ಸೇರುವುದಿಲ್ಲ, ಎಷ್ಟು ಹಣ, ಯಾವ ದಿನ. ಎರಡು ದಾರಿ ಕೊಟ್ಟೆ. ಒಂದು, ಸೈಟ್ 30ಕ್ಕೇ ತೆರೆದು, ಬುಕಿಂಗ್ ಡಿಸೆಂಬರ್ 13ಕ್ಕೆ ಸೇರಿಸುವುದು. ಎರಡು, ಫಾರ್ಮ್ ಹಾಗೇ ಇಟ್ಟು, ಅವರು ಫೋನಿನಲ್ಲಿ ಖಚಿತಪಡಿಸಿದ ಮೇಲೆ ಅತಿಥಿಗಳು ಯುಪಿಐ ಕ್ಯೂಆರ್‌ಗೆ ಹಣ ಹಾಕುವುದು. ಇದಕ್ಕೆ ಮೂರು ಗಂಟೆ, 1,800 ರೂಪಾಯಿ, ದಿನಾಂಕ ಬದಲಾಗುವುದಿಲ್ಲ. ನಾಲ್ಕು ಕೋಣೆಗೆ ಈ ವರ್ಷ ಎರಡನೆಯದೇ ಸಾಕು ಎಂಬ ನನ್ನ ಅಭಿಪ್ರಾಯವನ್ನೂ ಬರೆದೆ. ನಷ್ಟ ನನಗೇ, ಇರಲಿ.

ಗೇಟ್‌ವೇಯವರು ಪ್ಯಾನ್, ಬ್ಯಾಂಕ್ ದಾಖಲೆ ಪರಿಶೀಲಿಸಿಯೇ ಖಾತೆ ತೆರೆಯುವುದು. ಆ ವಿಳಂಬ ನನ್ನ ಕೈಯಲ್ಲಿಲ್ಲ. ದಾಖಲೆಗಳು 20ರೊಳಗೆ ಅವರಿಗೆ ತಲುಪದಿದ್ದರೆ ದಿನಾಂಕವೂ ಮುಂದೆ ಹೋಗುತ್ತದೆ ಎಂದು ಸೇರಿಸಿದೆ. ಕೊನೆಗೆ: “ಈ ಲೆಕ್ಕ 18ರ ಸೋಮವಾರದವರೆಗೆ. ಯಾವ ದಾರಿ ಎಂದು ಹೆಸರಿಸಿ ಇದೇ ಇಮೇಲ್‌ಗೆ ‘ಒಪ್ಪಿಗೆ’ ಎಂದು ಉತ್ತರಿಸಿ. ಒಪ್ಪಿಗೆ ಮತ್ತು ಅರ್ಧ ಮುಂಗಡ ಬಂದ ಮೇಲೆ ಕೆಲಸ ಶುರು. ಉತ್ತರ ಬರದಿದ್ದರೆ ಹಳೆಯ ಒಪ್ಪಂದದಂತೆ 30ಕ್ಕೆ ಮುಗಿಸುತ್ತೇನೆ.” ಈ ಕೊನೆಯ ವಾಕ್ಯವಿಲ್ಲದಿದ್ದರೆ ಮೌನಕ್ಕೆ ಇಬ್ಬರೂ ತಮಗೆ ಬೇಕಾದ ಅರ್ಥ ಕಟ್ಟಿಕೊಳ್ಳುತ್ತಾರೆ.

ಸಂಜೆ ಫೋನ್. “ಓದಿದೆ, ಮೊದಲನೆಯದೇ ಮಾಡು. ಬಾಯಲ್ಲಿ ಹೇಳಿದರೆ ಸಾಲದೇ? ನಂಬಿಕೆ ಇಲ್ಲವೇ?”

“ನಂಬಿಕೆ ಇದೆ ಅಣ್ಣ. ಲೆಕ್ಕ ನೋಡುವವರು ಅತ್ತಿಗೆಯಲ್ಲವೇ? ಅವರೂ ಒಮ್ಮೆ ಓದಲಿ.”

ಓದಿದ ಅತ್ತಿಗೆ ಕೇಳಿದ್ದು ನನಗೇ ಹೊಳೆಯದ ಪ್ರಶ್ನೆ: “ಹಳೆಯ ಅತಿಥಿಗಳು ಫೋನಿನಲ್ಲೇ ಕೋಣೆ ಹೇಳುತ್ತಾರೆ. ಅದು ನಿಮ್ಮ ಕ್ಯಾಲೆಂಡರಿಗೆ ಗೊತ್ತಾಗುವುದು ಹೇಗೆ?” ಗೊತ್ತಾಗುವುದಿಲ್ಲ. ಅಣ್ಣ, ಅತ್ತಿಗೆ ತಮ್ಮ ಮೊಬೈಲಿನಲ್ಲೇ ಅಂಥ ಕೋಣೆಯನ್ನು ಮುಚ್ಚಿಡಲು ಇನ್ನೊಂದು ಪುಟ ಬೇಕು, 8 ಗಂಟೆ. ಮೊದಲ ಪತ್ರ ರದ್ದೆಂದು ಬರೆದು, ‘ಆವೃತ್ತಿ 2’ ಕಳಿಸಿದೆ: 34,800 ರೂಪಾಯಿ, ಡಿಸೆಂಬರ್ 17.

ರಾತ್ರಿ 9.40ಕ್ಕೆ ಅತ್ತಿಗೆಯ ಇಮೇಲ್: “ಆವೃತ್ತಿ 2, ಮೊದಲ ದಾರಿ, ಒಪ್ಪಿಗೆ. ಮುಂಗಡ 17,400 ನಾಳೆ ಬ್ಯಾಂಕ್ ತೆರೆದ ಮೇಲೆ.”

ಹಾಗಾದರೆ ಬುಕಿಂಗ್ ಕೆಲಸ ಶುರುವಾಗುವುದು ಹಣ ಬಂದ ಮೇಲೆಯೇ. ಇವತ್ತು ಫೋಟೋ ಪುಟ ಮುಗಿಸಿ ಮಲಗುತ್ತೇನೆ.