ಒಂದೇ ಸೋಡಾ, ಎರಡು ಬಣ್ಣ

ಒಂಬತ್ತನೇ ತರಗತಿಗೆ ನಾನು ವಿಜ್ಞಾನ ಕಲಿಸುತ್ತೇನೆ. ಆಮ್ಲ, ಪ್ರತ್ಯಾಮ್ಲಗಳ ಪಾಠದಲ್ಲಿ ಹೂವು, ತರಕಾರಿಯ ರಸಗಳನ್ನೇ ಸೂಚಕವಾಗಿ ಬಳಸುತ್ತೇವೆ. ಮಕ್ಕಳು ರಸ ಹಾಕಿ, ಬಣ್ಣ ನೋಡಿ, ಪಟ್ಟಿ ತುಂಬಿಸಿದರೆ ಪ್ರಯೋಗ ಮುಗಿಯಿತು ಎಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ನಿಜವಾದ ರಸಾಯನಶಾಸ್ತ್ರ ಶುರುವಾಗುವುದು ಎರಡು ಗುಂಪುಗಳ ಪಟ್ಟಿ ಒಂದಕ್ಕೊಂದು ಹೊಂದದಿದ್ದಾಗ. ಅಂಥ ಒಂದು ಸಂದರ್ಭವನ್ನು ಇಲ್ಲಿ ಬರೆಯುತ್ತೇನೆ. ಬೇಕಾದವರು ತಮ್ಮ ತರಗತಿಯಲ್ಲೂ ಮಾಡಿಸಬಹುದು.

ಆ ದಿನ ಮುಖ್ಯ ಸೂಚಕ ಕೆಂಪು ಎಲೆಕೋಸು. ಹೆಸರು ಕೆಂಪಾದರೂ ನೋಡಲು ನೇರಳೆ. ಸುಮಾರು 100 ಗ್ರಾಂ ಎಲೆಯನ್ನು ಸಣ್ಣಗೆ ಹೆಚ್ಚಿ, 250 ಮಿಲಿಲೀಟರ್ ಬಿಸಿ ನೀರಲ್ಲಿ ಕಾಲು ಗಂಟೆ ನೆನೆಸಿ ಸೋಸಿದರೆ ರಸ ಸಿದ್ಧ. ಸಾಧ್ಯವಾದರೆ ಬಟ್ಟಿ ಇಳಿಸಿದ ನೀರನ್ನೇ ಬಳಸಿ. ಗಡಸು ನೀರಲ್ಲಿ ಕರಗಿದ ಬೈಕಾರ್ಬೊನೇಟ್ ಇರುತ್ತದೆ, ರಸ ಶುರುವಿನಲ್ಲೇ ನೀಲಿಗೆ ತಿರುಗಿಬಿಡುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಆ ಲೋಹಗಳೂ ಬಣ್ಣ ಬದಲಿಸುತ್ತವೆ. ರಸ ತೀರಾ ಗಾಢವಾಗಿದ್ದರೆ ಬದಲಾವಣೆ ಕಾಣುವುದೇ ಇಲ್ಲ. ಪ್ರನಾಳದ ಹಿಂದೆ ಬಿಳಿ ಕಾಗದ ಹಿಡಿದಾಗ ಬೆಳಕು ದಾಟಿ ಬರುವಷ್ಟು ತೆಳುವಾಗಿರಬೇಕು.

ಪ್ರತಿ ಪ್ರನಾಳದಲ್ಲಿ 2 ಮಿಲಿಲೀಟರ್ ದ್ರವ, ಅದಕ್ಕೆ 10 ಹನಿ ರಸ. ವಿನೆಗರ್ ಗುಲಾಬಿ ಕೆಂಪಾಯಿತು, ಬಟ್ಟಿ ಇಳಿಸಿದ ನೀರು ನೇರಳೆಯಾಗೇ ಉಳಿಯಿತು. ಅಡುಗೆ ಸೋಡಾದ ದ್ರಾವಣದಲ್ಲಿ ಮಾತ್ರ ಜಗಳ ಬಂತು. ಒಂದು ಗುಂಪು ನೀಲಿ ಎಂದು ಬರೆದಿತ್ತು, ಇನ್ನೊಂದು ಹಸಿರು ಎಂದು. ಎರಡೂ ಪ್ರನಾಳಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಬರೆದಿದ್ದರಲ್ಲಿ ತಪ್ಪಿರಲಿಲ್ಲ, ಬಣ್ಣಗಳು ನಿಜವಾಗಿಯೂ ಬೇರೆಯಾಗಿದ್ದವು. ಸೋಡಾ ಬಂದಿದ್ದು ಒಂದೇ ಡಬ್ಬಿಯಿಂದ, ರಸ ಒಂದೇ ಬೀಕರ್‌ನಿಂದ.

ಇಲ್ಲಿ ಉತ್ತರ ಹೇಳಿಬಿಡುವುದು ಸುಲಭ. ನಾನು ಹೇಳಲಿಲ್ಲ. "ಏನೇನು ಬೇರೆ ಇರಬಹುದು? ಬರೀರಿ" ಎಂದೆ.

"ಮೇಡಂ, ಅವರು ಸೋಡಾ ಜಾಸ್ತಿ ಹಾಕಿರ್ತಾರೆ" ಎಂದಳು ಒಬ್ಬಳು. ಎಲ್ಲರೂ ಒಪ್ಪಿದರು. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಹಾಗಿದ್ದರೆ ಪರೀಕ್ಷೆ ಮಾಡಿ ಎಂದೆ. 100 ಮಿಲಿಲೀಟರ್ ತಣ್ಣೀರಿಗೆ ಅರ್ಧ ಚಮಚ ಸೋಡಾ ಒಂದು ಬೀಕರ್‌ನಲ್ಲಿ, ಪೂರ್ತಿ ಒಂದು ಚಮಚ ಇನ್ನೊಂದರಲ್ಲಿ. ಎರಡೂ ನೀಲಿಯೇ. ಸೋಡಾ ಎರಡು ಪಟ್ಟಾದರೂ ಬಣ್ಣ ಹಸಿರಿಗೆ ಹೋಗಲಿಲ್ಲ.

ಮಕ್ಕಳಿಗೆ ಇದು ದೊಡ್ಡ ಆಶ್ಚರ್ಯ. ಇದಕ್ಕೆ ಕಾರಣವಿದೆ. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್, NaHCO₃. ಅದರ ಬೈಕಾರ್ಬೊನೇಟ್ ಭಾಗ ಆಮ್ಲದ ಹಾಗೂ ವರ್ತಿಸಬಲ್ಲದು, ಪ್ರತ್ಯಾಮ್ಲದ ಹಾಗೂ ವರ್ತಿಸಬಲ್ಲದು. ಈ ಎರಡು ಗುಣ ಒಂದನ್ನೊಂದು ಎಳೆದು ಹಿಡಿಯುವುದರಿಂದ, ಇಷ್ಟು ಪ್ರಮಾಣದಲ್ಲಿ ಸ್ವಲ್ಪ ಹಾಕಿದರೂ ಜಾಸ್ತಿ ಹಾಕಿದರೂ ದ್ರಾವಣದ ಪಿಎಚ್ ಸುಮಾರು 8.3ರ ಹತ್ತಿರವೇ ನಿಲ್ಲುತ್ತದೆ. ಅಲ್ಲಿ ಎಲೆಕೋಸಿನ ರಸ ನೀಲಿ. ಅದು ಹಸಿರಾಗಲು ಪಿಎಚ್ 10ರ ಆಸುಪಾಸು ಬೇಕು.

ಹಸಿರು ಬಂದ ಗುಂಪನ್ನು ಕರೆದು, ಮೊದಲಿಂದ ಏನು ಮಾಡಿದಿರಿ, ಒಂದೂ ಬಿಡದೆ ಹೇಳಿ ಎಂದೆ. "ಸೋಡಾ ಬೇಗ ಕರಗಲಿಲ್ಲ ಮೇಡಂ, ಅದಕ್ಕೆ ಸ್ವಲ್ಪ ಹೊತ್ತು ಕುದಿಸಿದ್ವಿ" ಎಂದ ಒಬ್ಬ ಹುಡುಗ. ಪಟ್ಟಿಯಲ್ಲಿ ಅದನ್ನು ಬರೆದಿರಲಿಲ್ಲ. ಕರಗಿಸುವುದು ಸುಮ್ನೆ ತಯಾರಿ, ಪ್ರಯೋಗದ ಭಾಗವಲ್ಲ ಎಂದು ಅವನ ಲೆಕ್ಕ. ಅಂದಿನಿಂದ ನಮ್ಮ ತರಗತಿಯಲ್ಲಿ ದ್ರಾವಣ ತಯಾರಿಸಿದ ರೀತಿಯನ್ನೂ ಬರೆಯುವುದು ಕಡ್ಡಾಯ.

ಈಗ ಕುದಿಸಿದ್ದರಿಂದಲೇ ಹೀಗಾಯಿತು ಎಂದು ಹೇಗೆ ಹೇಳುವುದು? ಕುದಿಯುವಾಗ ಮೂರು ವಿಷಯ ಒಟ್ಟಿಗೆ ಆಗುತ್ತವೆ. ದ್ರಾವಣ ಬಿಸಿಯಾಗುತ್ತದೆ, ನೀರು ಆವಿಯಾಗಿ ಗಟ್ಟಿಯಾಗುತ್ತದೆ, ಒಳಗಿನ ಪದಾರ್ಥವೇ ಬದಲಾಗಬಹುದು. ಇವನ್ನು ಬಿಡಿಸಿ ನೋಡಬೇಕು. ಹೊಸದಾಗಿ 100 ಮಿಲಿಲೀಟರ್ ನೀರಿಗೆ ಒಂದು ಚಮಚ ಸೋಡಾ ಹಾಕಿ, ಗಾಜಿನ ಬೀಕರ್‌ನಲ್ಲಿ ಹದಿನೈದು ನಿಮಿಷ ಕುದಿಸಿದೆವು. ಪೂರ್ತಿ ತಣ್ಣಗಾದ ಮೇಲೆ, ಆವಿಯಾದಷ್ಟು ನೀರು ಸೇರಿಸಿ ಮತ್ತೆ 100ಕ್ಕೆ ತಂದೆವು. ಹೀಗೆ ಬಿಸಿಯೂ ಹೋಯಿತು, ಗಟ್ಟಿತನವೂ ಹೋಯಿತು. ಜೊತೆಗೆ ಬರೀ ಬಟ್ಟಿ ಇಳಿಸಿದ ನೀರನ್ನೂ ಅಷ್ಟೇ ಹೊತ್ತು ಕುದಿಸಿ ಆರಿಸಿದೆವು. ರಸ ಹಾಕಿದಾಗ ಕುದಿಸಿದ ನೀರು ನೇರಳೆ, ಕುದಿಸದ ಸೋಡಾ ನೀಲಿ, ಕುದಿಸಿದ ಸೋಡಾ ಹಸಿರು.

ಅಂದರೆ ಪದಾರ್ಥವೇ ಬದಲಾಗಿದೆ. ಬಿಸಿಗೆ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗುತ್ತದೆ:

2NaHCO₃ → Na₂CO₃ + H₂O + CO₂

ಹುಟ್ಟುವ ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ, ಹೆಚ್ಚು ಪ್ರಬಲ ಪ್ರತ್ಯಾಮ್ಲ. ಈ ಮಾತನ್ನು ಬಣ್ಣವೊಂದರ ಮೇಲೆ ನಂಬಿ ಹೇಳಬಾರದು. ಹಸಿರು ಎಂದರೆ ಪಿಎಚ್ ಏರಿದೆ ಎಂದಷ್ಟೇ ಗೊತ್ತಾಗುತ್ತದೆ, ಏರಿಸಿದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಹೊರಬರುವ ಅನಿಲವನ್ನೂ ಹಿಡಿದೆವು. ಸೋಡಾ ದ್ರಾವಣ ತುಂಬಿದ ಪ್ರನಾಳಕ್ಕೆ ಕಾರ್ಕ್ ಮತ್ತು ಬಾಗಿದ ನಳಿಕೆ ಹಾಕಿ, ನಳಿಕೆಯ ತುದಿಯನ್ನು ಸುಣ್ಣದ ತಿಳಿನೀರಿನಲ್ಲಿ ಮುಳುಗಿಸಿ ಬಿಸಿ ಮಾಡಿದೆವು. ತಿಳಿನೀರು ಹಾಲಿನಂತೆ ಬೆಳ್ಳಗಾಯಿತು, ಅಂದರೆ ಇಂಗಾಲದ ಡೈಆಕ್ಸೈಡ್ ಬರುತ್ತಿದೆ. ಉರಿ ಆರಿಸುವ ಮೊದಲು ನಳಿಕೆಯನ್ನು ನೀರಿನಿಂದ ಹೊರಗೆ ತೆಗೆಯಲೇಬೇಕು. ಇಲ್ಲದಿದ್ದರೆ ತಣ್ಣೀರು ಹಿಂದಕ್ಕೆ ಎಳೆದುಕೊಂಡು ಬಂದು ಬಿಸಿ ಗಾಜು ಒಡೆಯುತ್ತದೆ. ಸುಣ್ಣದ ನೀರು ಕಣ್ಣಿಗೆ ಅಪಾಯ, ಕನ್ನಡಕವಿಲ್ಲದೆ ನಾನು ಯಾರನ್ನೂ ಹತ್ತಿರ ಬಿಡುವುದಿಲ್ಲ.

ಬೇರೆ ಸೂಚಕಗಳಿಂದ ಇದು ಕಾಣುತ್ತಿತ್ತೇ ಎಂದು ಮಕ್ಕಳೇ ಕೇಳಿದರು. ದಾಸವಾಳದ ಕೆಂಪು ಎಸಳಿನ ರಸ ಎರಡು ದ್ರಾವಣದಲ್ಲೂ ಹೆಚ್ಚುಕಡಿಮೆ ಹಸಿರಿನ ಕಡೆಗೇ ಹೋಯಿತು. ಅದನ್ನು ಮಾತ್ರ ಬಳಸಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ. ಬೀಟ್ರೂಟ್ ರಸದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಅದರ ಬಣ್ಣ ಎಲೆಕೋಸಿನ ಆಂಥೋಸಯಾನಿನ್ ಅಲ್ಲ, ಬೀಟಾಲೈನ್ ಎಂಬ ಬೇರೆಯೇ ಗುಂಪಿನದು. ಅರಿಶಿನ ಚೆನ್ನಾಗಿ ಕೆಲಸ ಮಾಡಿತು. ಅದು ಬಣ್ಣ ಬದಲಿಸುವುದು ಸುಮಾರು 7.4ರಿಂದ 8.6ರ ನಡುವೆ. ಕುದಿಸದ ಸೋಡಾ ಆ ಅಂತರದ ಒಳಗೇ ಬೀಳುವುದರಿಂದ ಕಿತ್ತಳೆ ಬಣ್ಣದಲ್ಲಿ ನಿಂತಿತು, ಕುದಿಸಿದ್ದು ಗಾಢ ಕೆಂಪಾಯಿತು. ಆದರೆ ವಿನೆಗರ್ ಮತ್ತು ನೀರನ್ನು ಅರಿಶಿನ ಬೇರೆ ಮಾಡಲಾರದು, ಎರಡರಲ್ಲೂ ಹಳದಿಯೇ. ಅದಕ್ಕೇ ನಾನು ಯಾವತ್ತೂ ಎರಡು ಸೂಚಕ ಒಟ್ಟಿಗೆ ಕೊಡುತ್ತೇನೆ.

ಇನ್ನೊಂದು ಎಚ್ಚರಿಕೆ. ಎಲೆಕೋಸಿನ ಹಸಿರು ಬಣ್ಣವನ್ನು ಕೂಡಲೇ ನೋಡಿ ಬರೆಯಬೇಕು. ಪ್ರತ್ಯಾಮ್ಲದಲ್ಲಿ ಆಂಥೋಸಯಾನಿನ್ ನಿಧಾನವಾಗಿ ಒಡೆಯುತ್ತಾ ಹಳದಿಯತ್ತ ಹೋಗುತ್ತದೆ. ಹಾಗೆ ಒಡೆದಷ್ಟು ಬಣ್ಣ ಆಮ್ಲ ಹಾಕಿದರೂ ವಾಪಸ್ ಬರುವುದಿಲ್ಲ. ಮರುದಿನ ನೋಡೋಣ ಎಂದು ಎತ್ತಿಟ್ಟ ಪ್ರನಾಳ ಹೊಸ ಗೊಂದಲ ತರುತ್ತದೆ.

ಕೊನೆಗೆ ಒಬ್ಬಳು ಕೇಳಿದಳು: ಹೋದ ಅನಿಲವನ್ನು ಮತ್ತೆ ಸೇರಿಸಿದರೆ ಹಸಿರು ನೀಲಿಯಾಗುತ್ತಾ? ಕುದಿಸಿ ಆರಿಸಿದ ದ್ರಾವಣಕ್ಕೆ, ರಸ ಹಾಕುವ ಮೊದಲೇ, ಬಾಟಲಿ ಸೋಡಾ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿದಳು. ಆಮೇಲೆ ರಸ ಹಾಕಿದಾಗ ನೀಲಿ ಬಂತು. ಪಕ್ಕದವನು ಒಪ್ಪಲಿಲ್ಲ. "ಸೋಡಾ ನೀರೇ ಆಮ್ಲ ಅಲ್ವಾ, ವಿನೆಗರ್ ಹಾಕಿದ್ರೂ ನೀಲಿ ಬರುತ್ತಪ್ಪ!" ಅವನ ಆಕ್ಷೇಪ ಸರಿಯಾಗೇ ಇತ್ತು. ಇವೆರಡನ್ನೂ ಬೇರೆ ಮಾಡಿ ತೋರಿಸುವುದು ಹೇಗೆ ಎಂಬುದು ಮುಂದಿನ ವಾರದ ಪ್ರಯೋಗವಾಯಿತು.